ತೀರಿಹೋದ ಅಜ್ಜನನ್ನು ಕುಟುಂಬದ ಫೋಟೋಕ್ಕೆ ಸೇರಿಸಿದ ಕಥೆ

ಮೊನ್ನೆ ಕೊನೆಯ ಪ್ರಿಂಟ್ ಕೈಗೆ ಬಂತು. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ, ಹಿಂದೆ ಅಪ್ಪನ ಪಕ್ಕದಲ್ಲಿ ಅಜ್ಜ ನಿಂತಿದ್ದಾರೆ. ಅಜ್ಜ ತೀರಿಹೋದ ಮೇಲೆ ತೆಗೆದ ಫೋಟೋ ಅದು. ಇದೇ ಕೆಲಸಕ್ಕೆ ಕೈ ಹಾಕುವವರು ತುಂಬಾ ಜನ ಇದ್ದಾರೆ ಅಂತ ಗೊತ್ತು. ಹೆಚ್ಚಿನವರು ಶುರುವಿನಲ್ಲೇ ಎಡವುವುದು ಒಂದೇ ಕಡೆ, ಯಾವ ಹಳೆ ಫೋಟೋ ಆರಿಸಬೇಕು ಅನ್ನುವಲ್ಲಿ. ಅದಕ್ಕೇ ನಾವು ಮಾಡಿದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಕುಟುಂಬದ ಫೋಟೋ ತೆಗೆದದ್ದು ಮನೆಯೊಳಗೆ. ಚಿತ್ರದ ಎಡಗಡೆ ದೊಡ್ಡ ಕಿಟಕಿ ಇದೆ, ಬೆಳಕೆಲ್ಲ ಅಲ್ಲಿಂದಲೇ. ದೂರದಲ್ಲಿರುವವರೂ ಬಂದು ಎಲ್ಲರೂ ಒಟ್ಟಿಗೆ ಸೇರಿದ್ದ ದಿನ, ಮತ್ತೆ ಅಷ್ಟು ಜನ ಯಾವಾಗ ಸೇರುತ್ತಾರೋ ಹೇಳಲಾಗದು. ಅಜ್ಜಿಯ ಹಿಂದೆ, ಅಪ್ಪ ಮತ್ತು ಅತ್ತೆಯ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ತಾನಾಗಿ ಉಳಿದುಬಿಟ್ಟಿತ್ತು. ಫೋಟೋ ನೋಡಿದವರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತಿತ್ತು. "ಅವರು ನಿಲ್ಲೋ ಜಾಗ ಅದು" ಅಂತ ಅಜ್ಜಿಯೇ ಬಾಯಿಬಿಟ್ಟು ಹೇಳಿದ ಮೇಲೆ ನಾವು ಮುಂದುವರಿದೆವು. ನಿಮ್ಮ ಮನೆಯಲ್ಲೂ ಹತ್ತಿರದವರನ್ನು ಮೊದಲೇ ಕೇಳಿ. ಕೆಲವರಿಗೆ ಇದು ಬೇಡ ಅನ್ನಿಸಬಹುದು.

ಮೊದಲು ಈ ಕೆಲಸ ಮಾಡಿಕೊಡುವ ಒಬ್ಬರಿಗೆ ಕೊಟ್ಟೆವು. ಅಜ್ಜ ಬಾಯ್ತುಂಬ ನಕ್ಕಿದ್ದ ಒಂದು ಫೋಟೋ ಎಲ್ಲರಿಗೂ ಇಷ್ಟ, ಅದನ್ನೇ ಕಳಿಸಿದ್ದೆವು. ತುಂಬಾ ಕಾಯಿಸಿ ವಾಪಸ್ ಕೊಟ್ಟರು. ಕತ್ತರಿಸಿದ ಅಂಚು ಚೆನ್ನಾಗಿಯೇ ಇತ್ತು. ಆದರೂ ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಯಾರೋ ಬಂದು ಹಿಂದೆ ನಿಂತ ಹಾಗಿದೆ ಕಣೇ" ಅಂದರು.

ಯಾಕೆ ಹಾಗನ್ನಿಸುತ್ತದೆ ಅಂತ ದೊಡ್ಡದು ಮಾಡಿ ನೋಡಿದೆ. ಆ ನಗುವಿನ ಫೋಟೋ ತೆಗೆದದ್ದು ಬಿಸಿಲಿನಲ್ಲಿ, ಸೂರ್ಯ ಬಲಗಡೆ ಇದ್ದ. ಅಜ್ಜನ ಮೂಗಿನ ನೆರಳು ಎಡಕ್ಕೆ ಬಿದ್ದಿತ್ತು, ಗೆರೆ ಎಳೆದಷ್ಟು ಚೂಪಾಗಿ. ಉಳಿದ ಎಲ್ಲರ ಮೂಗಿನ ನೆರಳೂ ಬಲಕ್ಕೆ, ಅದೂ ಮೆತ್ತಗೆ ಕರಗಿಹೋದಂತೆ. ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಏನೋ ಸರಿಯಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ.

ಮಾಡಿಕೊಟ್ಟವರಿಗೆ ಇದನ್ನು ಹೇಳಿದಾಗ ಅಜ್ಜನ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೊಟ್ಟರು. ಬೆಳಕಿನ ದಿಕ್ಕೇನೋ ಸರಿಹೋಯಿತು. ಆದರೆ ಎಡ ಕೆನ್ನೆಯ ಮಚ್ಚೆ ಬಲಕ್ಕೆ ಬಂತು, ಶರ್ಟಿನ ಜೇಬು ಬಲ ಎದೆಗೆ ಹೋಯಿತು, ಬೈತಲೆಯೂ ಬದಲಾಯಿತು. ಇದನ್ನೆಲ್ಲ ಅಳಿಸಿ ಸರಿಮಾಡಬಹುದು ಅಂದರು. ಮುಖ ಮಾತ್ರ ಹಾಗೆ ಸರಿಹೋಗುವುದಿಲ್ಲ. ಯಾರ ಮುಖವೂ ಎರಡು ಕಡೆ ಒಂದೇ ಥರ ಇರುವುದಿಲ್ಲ. ಅಜ್ಜನ ಒಂದು ಹುಬ್ಬು ಸ್ವಲ್ಪ ಮೇಲೆ, ನಕ್ಕರೆ ತುಟಿ ಒಂದೇ ಕಡೆಗೆ ಎಳೆಯುತ್ತಿತ್ತು. ವರ್ಷಾನುಗಟ್ಟಲೆ ಎದುರು ಕೂತು ನೋಡಿದ ಮುಖವನ್ನು ತಿರುಗಿಸಿ ಇಟ್ಟರೆ ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ? ಅಲ್ಲಿಗೆ ಅವರ ಕೈಯಿಂದ ಕೆಲಸ ವಾಪಸ್ ತೆಗೆದುಕೊಂಡೆವು. ಫೋಟೋ ತಿದ್ದುವ ಕೆಲಸ ನನಗೆ ತಕ್ಕಮಟ್ಟಿಗೆ ಗೊತ್ತಿದ್ದರಿಂದ ನಾನೇ ಕೂತೆ.

ಈಗ ಹುಡುಕಿದ್ದು ಬೇರೆ ಥರದ ಫೋಟೋ. ನಗು ಹೇಗಿದೆ ಅಂತ ಆಮೇಲೆ ನೋಡೋಣ, ಬೆಳಕು ಹೇಗಿದೆ ಅಂತ ಮೊದಲು ನೋಡೋಣ ಅಂತ ತೀರ್ಮಾನಿಸಿದೆ. ಮೆತ್ತಗಿನ ಬೆಳಕಿನಲ್ಲಿ, ಅಂದರೆ ಮೋಡದ ದಿನ ಅಥವಾ ನೆರಳಿನಲ್ಲಿ ತೆಗೆದ ಮುಖಕ್ಕೆ ನಮಗೆ ಬೇಕಾದ ಕಡೆ ನೆರಳು ಸೇರಿಸಬಹುದು. ಬಿಸಿಲಲ್ಲಿ ಬಿದ್ದ ಗಟ್ಟಿ ನೆರಳನ್ನು ತೆಗೆಯುವುದು ತೀರಾ ಕಷ್ಟ, ಅದರ ಅಡಿಯಲ್ಲಿ ಚರ್ಮದ ವಿವರವೇ ಉಳಿದಿರುವುದಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋಗಳಲ್ಲಿ ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದಿತ್ತು, ಕೆನ್ನೆಯ ಏರಿಳಿತವೇ ಕಾಣುತ್ತಿರಲಿಲ್ಲ. ಅವು ಬೇಡ. ಮೊಬೈಲ್‌ನಲ್ಲಿ ತುಂಬಾ ಹತ್ತಿರದಿಂದ ತೆಗೆದವೂ ಬೇಡ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ದೂರದಿಂದ ತೆಗೆದ ಗುಂಪಿನಲ್ಲಿ ಆ ಮುಖ ಎಂದೂ ಹೊಂದುವುದಿಲ್ಲ, ಎಷ್ಟೇ ತಿದ್ದಿದರೂ.

ಇನ್ನೊಂದು ವಿಷಯ ವಯಸ್ಸು. ಅಜ್ಜ ಗಟ್ಟಿಮುಟ್ಟಾಗಿದ್ದಾಗಿನ ಚೆಂದದ ಫೋಟೋಗಳು ಬೇಕಾದಷ್ಟಿದ್ದವು. ಈಗಿನ ಅಜ್ಜಿಯ ಹಿಂದೆ ಅವರನ್ನು ನಿಲ್ಲಿಸಿದರೆ ಮಗನ ಹಾಗೆ ಕಾಣುತ್ತಾರೆ. ಕೊನೆಯ ದಿನಗಳ ಫೋಟೋಗಳಲ್ಲಿ ಕಾಯಿಲೆ ಮುಖದ ಮೇಲಿತ್ತು, ಅದನ್ನು ಅಜ್ಜಿ ನೋಡಲೂ ಒಪ್ಪಲಿಲ್ಲ. ಹಾಗಾಗಿ ಕಾಯಿಲೆ ಬೀಳುವುದಕ್ಕೆ ಸ್ವಲ್ಪ ಮುಂಚಿನದು ಬೇಕಿತ್ತು.

ನೆಂಟರಿಗೆಲ್ಲ ಹೇಳಿಕಳಿಸಿದೆ. ಕಾಯುವುದು ಅಂದರೆ ಇಲ್ಲಿ ನಿಜಕ್ಕೂ ಕಾಯುವುದು. ಕೆಲವರು ಮೊಬೈಲ್‌ನಲ್ಲಿ ಆಲ್ಬಂನ ಫೋಟೋ ಹೊಡೆದು ಕಳಿಸಿದರು, ಪ್ಲಾಸ್ಟಿಕ್ ಹಾಳೆಯ ಮಿಂಚೂ ಅದರಲ್ಲೇ. ಮೆಸೇಜ್‌ನಲ್ಲಿ ಬಂದ ಚಿತ್ರ ಕುಗ್ಗಿ ಬರುತ್ತದೆ, ಕಣ್ಣು ಮೂಗಿನ ಸುತ್ತ ಚೌಕಚೌಕ ಒಡೆದಿರುತ್ತದೆ. ದಯವಿಟ್ಟು ಮೂಲ ಪ್ರಿಂಟನ್ನೇ ಕೇಳಿ. ಕಳಿಸಲು ಆಗದಿದ್ದರೆ ಅಲ್ಲೇ ಸ್ಕ್ಯಾನ್ ಮಾಡಿಸಿ, ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಕೊನೆಗೆ ನಮ್ಮ ದೊಡ್ಡತ್ತೆಯ ಆಲ್ಬಂನಲ್ಲಿ ಸಿಕ್ಕಿತು. ಮೋಡದ ದಿನ, ಮನೆಯ ಮುಂದೆ ನಿಂತ ಅಜ್ಜ. ನಗು ಅಂತ ಹೇಳಲಾಗದು, ನಗುವುದಕ್ಕೆ ಸ್ವಲ್ಪ ಮುಂಚಿನ ಮುಖ. ತಲೆ ಸ್ವಲ್ಪ ಎಡಕ್ಕೆ ತಿರುಗಿತ್ತು, ಅಂದರೆ ನಮ್ಮ ಚಿತ್ರದಲ್ಲಿ ಕಿಟಕಿ ಇರುವ ಕಡೆಗೇ.

ಆ ಪ್ರಿಂಟ್‌ನಲ್ಲಿ ತಲೆ ಇದ್ದದ್ದು ಒಂದೂವರೆ ಸೆಂಟಿಮೀಟರ್ ಎತ್ತರ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 350 ಪಿಕ್ಸೆಲ್ ಬರುತ್ತದೆ. ಕುಟುಂಬದ ಫೋಟೋದಲ್ಲಿ ಅಪ್ಪನ ತಲೆ 330 ಪಿಕ್ಸೆಲ್ ಇತ್ತು. ಅಂದರೆ ಅಜ್ಜನನ್ನು ಹಿಗ್ಗಿಸಬೇಕಾಗಿಲ್ಲ, ಸ್ವಲ್ಪ ಕುಗ್ಗಿಸಿದರೆ ಸಾಕು. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಹಿಗ್ಗಿಸಬೇಕಾಗಿ ಬಂದರೆ ಪಕ್ಕದವರ ಮುಖ ಸ್ಪಷ್ಟವಾಗಿದ್ದು ಇವರದ್ದು ಮಾತ್ರ ಮಸುಕಾಗುತ್ತದೆ. 1200 ಡಿಪಿಐ ಇಟ್ಟೂ ನೋಡಿದೆ. ಹೊಸ ವಿವರ ಏನೂ ಬರಲಿಲ್ಲ, ಕಾಗದದ ಒರಟು ಮಾತ್ರ ದೊಡ್ಡದಾಗಿ ಕಂಡಿತು.

ಎತ್ತರದ ವಿಷಯಕ್ಕೆ ಬರೋಣ. ಅಂದಾಜಿನಲ್ಲಿ ದೊಡ್ಡದು ಚಿಕ್ಕದು ಮಾಡುತ್ತಾ ಕೂತರೆ ಮುಗಿಯುವುದೇ ಇಲ್ಲ. ಅಜ್ಜ ಮತ್ತು ಅಪ್ಪ ಅಕ್ಕಪಕ್ಕ, ಕ್ಯಾಮೆರಾದಿಂದ ಒಂದೇ ದೂರದಲ್ಲಿ ನಿಂತ ಬೇರೆ ಒಂದು ಫೋಟೋ ಹುಡುಕಿಕೊಂಡೆ. ಅದರ ಬೆಳಕು ಹೇಗಿದ್ದರೂ ಪರವಾಗಿಲ್ಲ, ಅದು ಅಳತೆಗೆ ಮಾತ್ರ. ಹುಬ್ಬಿನಿಂದ ಗದ್ದದವರೆಗೆ ಅಳೆದೆ. ತಲೆಯ ತುದಿಯಿಂದ ಅಳೆದರೆ ಕೂದಲು ಲೆಕ್ಕ ಕೆಡಿಸುತ್ತದೆ. ಎರಡು ಕಣ್ಣಿನ ನಡುವೆ ಅಳೆದರೆ ಮುಖ ತಿರುಗಿದಷ್ಟೂ ಅಂತರ ಕಡಿಮೆಯಾಗುತ್ತದೆ. ಹುಬ್ಬು ಮತ್ತು ಗದ್ದದ ಅಂತರ ಎಡಬಲ ತಿರುಗಿದರೂ ಹೆಚ್ಚು ಬದಲಾಗುವುದಿಲ್ಲ. ಆ ಫೋಟೋದಲ್ಲಿ ಅಪ್ಪನದು 62 ಪಿಕ್ಸೆಲ್, ಅಜ್ಜನದು 60. ಕುಟುಂಬದ ಫೋಟೋದಲ್ಲಿ ಅಪ್ಪನದು 180. ಅದೇ ಲೆಕ್ಕದಲ್ಲಿ ಅಜ್ಜನದು 174 ಆಗಬೇಕು. ಅಷ್ಟಕ್ಕೆ ಇಟ್ಟೆ, ಮತ್ತೆ ಮುಟ್ಟಲಿಲ್ಲ. ನಿಂತ ಎತ್ತರವೂ ಅದೇ ಫೋಟೋದಿಂದಲೇ ಸಿಕ್ಕಿತು. ಅಜ್ಜನ ತಲೆಯ ತುದಿ ಅಪ್ಪನ ಹುಬ್ಬಿಗಿಂತ ಸ್ವಲ್ಪ ಮೇಲಕ್ಕೆ ಬರುತ್ತಿತ್ತು. "ಆಮೇಲೆ ಇನ್ನೂ ಬಗ್ಗಿದ್ರಲ್ಲ" ಅಂತ ಅಜ್ಜಿ ನೆನಪಿಸಿದರು. ಹುಬ್ಬಿನ ಮಟ್ಟಕ್ಕೇ ಇಳಿಸಿದೆ.

ನೆನಪಿಡಿ, ಈ ಲೆಕ್ಕ ಒಂದೇ ಸಾಲಿನಲ್ಲಿ ನಿಂತವರಿಗೆ. ಹಿಂದಿನ ಸಾಲಾದರೆ ಕ್ಯಾಮೆರಾದಿಂದ ದೂರ ಹೆಚ್ಚಿದಷ್ಟೂ ತಲೆ ಚಿಕ್ಕದಾಗಬೇಕು.

ಇನ್ನು ಬಟ್ಟೆ. ಮೋಡದ ದಿನದ ಆ ಫೋಟೋದಲ್ಲಿ ಅಜ್ಜ ಹಾಕಿದ್ದು ಬಿಳಿ ಶರ್ಟ್. ಹೊರಗೆ ಆಕಾಶದ ಬೆಳಕಿನಲ್ಲಿ ಬಿಳಿ ಬಟ್ಟೆ ನೀಲಿಗೆ ತಿರುಗಿ ಹೊಳೆಯುತ್ತದೆ. ನಮ್ಮ ಕೋಣೆಯ ಫೋಟೋದಲ್ಲಿ ಅತಿ ಬಿಳಿ ವಸ್ತು ಅಂದರೆ ತಂಗಿಯ ಮಗುವಿನ ಕಾಲರ್. ಅದರ ಮೇಲೆ ಕರ್ಸರ್ ಇಟ್ಟು ನೋಡಿದರೆ ಸೊನ್ನೆಯಿಂದ 255ರ ಲೆಕ್ಕದಲ್ಲಿ ಬೆಳಕಿನ ಕಡೆ ಕೆಂಪು 226, ಹಸಿರು 220, ನೀಲಿ 208. ನೆರಳಿನ ಕಡೆ ಮೂರೂ 150ರ ಆಸುಪಾಸು. ಅಂದರೆ ಆ ಕೋಣೆಯಲ್ಲಿ ಬಿಳಿ ಅನ್ನುವುದು ನಿಜಕ್ಕೂ ಹಳದಿ ಬೆರೆತ ಬೂದು. ಅಲ್ಲಿಗೆ ಹೊರಗಿನ ಬಿಳಿಯನ್ನು ಹಾಗೇ ತಂದಿಟ್ಟರೆ ದೀಪ ಹಚ್ಚಿದಂತೆ ಎದ್ದು ಕಾಣುತ್ತದೆ. ಬಣ್ಣ ತಿದ್ದಬಹುದು. ಆದರೆ ಶರ್ಟಿನ ಮಡಿಕೆಗಳ ಮೇಲೆ ಬೆಳಕು ಮೇಲಿನಿಂದ ಬಿದ್ದಿತ್ತು, ನಮಗೆ ಪಕ್ಕದಿಂದ ಬೀಳಬೇಕು. ಒಂದೊಂದು ಮಡಿಕೆಯನ್ನೂ ಕೈಯಲ್ಲಿ ಬರೆಯಬೇಕಾಗುತ್ತಿತ್ತು.

ಆಗ ಅಜ್ಜಿ ಹೇಳಿದರು, "ಅವರ ಶರ್ಟುಗಳೆಲ್ಲ ಇದ್ದಾವಲ್ಲೇ ಕಪಾಟಲ್ಲಿ." ಅದೇ ನಮ್ಮ ದಾರಿಯಾಯಿತು. ಅಜ್ಜನ ಮೈಕಟ್ಟು ಚಿಕ್ಕಪ್ಪನಿಗೆ ಬಂದಿದೆ. ಅವರಿಗೆ ಅಜ್ಜನ ಶರ್ಟ್ ಹಾಕಿಸಿ, ಅದೇ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೆದು, ಭುಜ ಮತ್ತು ಎದೆ ಅದರಿಂದ, ತಲೆ ಮತ್ತು ಕುತ್ತಿಗೆ ಹಳೆ ಫೋಟೋದಿಂದ ತೆಗೆದುಕೊಳ್ಳುವುದು. ಬಟ್ಟೆಯ ಮೇಲಿನ ಬೆಳಕನ್ನು ಆಗ ಕಿಟಕಿಯೇ ಸರಿಮಾಡಿಕೊಡುತ್ತದೆ. ನಿಮ್ಮ ಮನೆಯಲ್ಲೂ ಬಟ್ಟೆ ಉಳಿದಿದ್ದರೆ ಈ ದಾರಿಯನ್ನೇ ಹಿಡಿಯಿರಿ ಅಂತ ನನ್ನ ಸಲಹೆ.

ಯಾವ ಶರ್ಟ್ ಅನ್ನುವುದರಲ್ಲೂ ಯೋಚನೆ ಬೇಕಾಯಿತು. ಸಣ್ಣ ಗೆರೆಯ ಶರ್ಟ್ ಅಜ್ಜಿಗೆ ಇಷ್ಟ. ಸಣ್ಣ ಗೆರೆ ದೂರದಿಂದ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕಾಣುತ್ತದೆ, ಅದಕ್ಕೇ ಬಿಟ್ಟೆವು. ಕಡು ನೀಲಿಯದೂ ಒಂದಿತ್ತು, ಅದೂ ಆಗಲಿಲ್ಲ. ಕಾರಣ ಗದ್ದದ ಅಡಿಯಲ್ಲಿದೆ. ಹಳೆ ಫೋಟೋದಲ್ಲಿ ಬಿಳಿ ಶರ್ಟಿನಿಂದ ಪುಟಿದ ಬೆಳಕು ಗದ್ದದ ಕೆಳಗನ್ನೂ ಕುತ್ತಿಗೆಯನ್ನೂ ತಿಳಿಯಾಗಿಸಿತ್ತು. ಅದೇ ತಲೆಯನ್ನು ಕಡು ಬಣ್ಣದ ಶರ್ಟಿನ ಮೇಲಿಟ್ಟರೆ ಗದ್ದದ ಕೆಳಗಿನ ಆ ಬೆಳಕು ಎಲ್ಲಿಂದ ಬಂತು ಅನ್ನಿಸುತ್ತದೆ. ತಿಳಿ ಬಟ್ಟೆಯ ತಲೆಗೆ ತಿಳಿ ಬಟ್ಟೆಯೇ ಬೇಕು. ತೊಳೆದು ತೊಳೆದು ಮೆತ್ತಗಾಗಿದ್ದ ಕೆನೆ ಬಣ್ಣದ ಶರ್ಟ್ ಆರಿಸಿದೆವು. ಉಳಿದವರೆಲ್ಲ ಮಂದ ಹಸಿರು, ಇಟ್ಟಿಗೆ ಬಣ್ಣ ಹಾಕಿದ್ದರು, ಅವುಗಳ ನಡುವೆ ಅದು ಕೂಗಿ ಕರೆಯುವುದೂ ಇಲ್ಲ.

ಮತ್ತೆ ಅದೇ ಬೆಳಕು ಬೇಕಲ್ಲ, ಅದಕ್ಕೂ ಕಾದೆವು. ಡಿಜಿಟಲ್ ಫೋಟೋದ ಫೈಲಿನಲ್ಲಿ ತೆಗೆದ ಸಮಯ, ಲೆನ್ಸ್, ಅಪರ್ಚರ್ ಎಲ್ಲ ದಾಖಲಾಗಿರುತ್ತದೆ. ಅದನ್ನು ನೋಡಿ ಅದೇ ಹೊತ್ತಿಗೆ, ಅದೇ ಲೆನ್ಸ್ ಹಾಕಿ, ಆಕಾಶ ಹೆಚ್ಚುಕಡಿಮೆ ಅದೇ ಥರ ಇರುವ ದಿನ ತೆಗೆದೆವು. ಕ್ಯಾಮೆರಾ ಎಲ್ಲಿತ್ತು ಅಂತ ಫೈಲ್ ಹೇಳುವುದಿಲ್ಲ. ಕುಟುಂಬದ ಫೋಟೋವನ್ನು ಮುಂದಿಟ್ಟುಕೊಂಡು, ಕಿಟಕಿಯ ಅಂಚು ಮತ್ತು ಬಾಗಿಲ ಚೌಕಟ್ಟು ಒಂದಕ್ಕೊಂದು ಅದೇ ಅಂತರದಲ್ಲಿ ಕಾಣುವವರೆಗೂ ಟ್ರೈಪಾಡ್ ಸರಿಸಿದೆ. ಅಜ್ಜಿಯನ್ನೂ ಅಪ್ಪನನ್ನೂ ಅವತ್ತಿನ ಬಟ್ಟೆಯಲ್ಲೇ ಅವರವರ ಜಾಗದಲ್ಲಿ ಇರಿಸಿದೆವು. ಅವರ ಮೇಲೆ ಬೀಳುವ ಚಿಕ್ಕಪ್ಪನ ನೆರಳೂ ನಮಗೆ ಬೇಕಿತ್ತು. ಅಜ್ಜನ ಹಳೆ ಫೋಟೋ ಚಿಕ್ಕಪ್ಪನಿಗೆ ತೋರಿಸಿ, ತಲೆಯೂ ಭುಜವೂ ಅಷ್ಟೇ ತಿರುಗಿಸಿ ನಿಲ್ಲಲು ಹೇಳಿದೆ. ಭುಜ ನೇರ ಇದ್ದು ತಲೆ ಮಾತ್ರ ತಿರುಗಿದರೆ ಕುತ್ತಿಗೆಯಲ್ಲಿ ತಪ್ಪು ಕಾಣುತ್ತದೆ.

ಚಿಕ್ಕಪ್ಪ ಆ ಶರ್ಟ್ ಹಾಕಿಕೊಂಡು ಒಳಗಿಂದ ಬಂದಾಗ ಅಜ್ಜಿ ಮಾತಾಡಲಿಲ್ಲ. ಆಮೇಲೆ ಎದ್ದುಬಂದು ಅವರ ಮೇಲಿನ ಗುಂಡಿ ಬಿಚ್ಚಿದರು. "ಅವರು ಇದನ್ನ ಯಾವತ್ತೂ ಹಾಕ್ತಿರಲಿಲ್ಲ" ಅಂದರು. ನನಗೆ ಗಂಟಲು ಕಟ್ಟಿತು. ಸ್ವಲ್ಪ ಹೊತ್ತು ಎಲ್ಲರೂ ಸುಮ್ನೆ ಕೂತು, ಆಮೇಲೆ ಕೆಲಸ ಮುಂದುವರಿಸಿದೆವು.

ಒಂದು ತೊಡಕು ಮಾತ್ರ ಯಾರೂ ಊಹಿಸಿರಲಿಲ್ಲ. ಚಿಕ್ಕಪ್ಪನ ಕುತ್ತಿಗೆ ದಪ್ಪ, ಕಾಲರ್ ತುಂಬಿಕೊಂಡಿತ್ತು. ಅಜ್ಜನ ಕುತ್ತಿಗೆ ಸಣ್ಣಗಾಗಿತ್ತು. ಅಜ್ಜನ ತಲೆ ಇಟ್ಟರೆ ಕುತ್ತಿಗೆಯ ಎರಡೂ ಪಕ್ಕ ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಕಾಲರಿನ ಒಳಬದಿ ಕಾಣಬೇಕು. ಆ ಒಳಬದಿಯ ಚಿತ್ರ ನಮ್ಮಲ್ಲಿ ಇರಲಿಲ್ಲ. ಬೆಳಕು ಬದಲಾಗುವ ಮೊದಲೇ ಗಮನಕ್ಕೆ ಬಂದದ್ದರಿಂದ ಶರ್ಟನ್ನು ಹ್ಯಾಂಗರ್‌ಗೆ ಹಾಕಿ, ಅದೇ ಜಾಗದಲ್ಲಿ ಅದೇ ಎತ್ತರಕ್ಕೆ ಹಿಡಿದು ಇನ್ನೊಂದು ಫೋಟೋ ತೆಗೆದೆವು. ನೀವೂ ಖಾಲಿ ಶರ್ಟಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲಿನ ಕೆಲಸ ಕಂಪ್ಯೂಟರ್ ಮುಂದೆ. ನಾನು ಬಳಸಿದ್ದು ಜಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶ. ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿ ಇಡುವ ಲೇಯರ್, ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್ ಇರುವ ಯಾವುದಾದರೂ ಆಗುತ್ತದೆ. ಮೊದಲು ಹಳೆ ಪ್ರಿಂಟಿನ ಬಣ್ಣ ಸರಿಮಾಡಬೇಕು. ಹಳೆಯ ಕಲರ್ ಪ್ರಿಂಟ್‌ಗಳು ಆಲ್ಬಂನ ಕತ್ತಲಲ್ಲಿ ಇದ್ದರೂ ಕೆಂಪಾಗುತ್ತವೆ, ಅವುಗಳಲ್ಲಿನ ಸಯಾನ್ ಅನ್ನುವ ಹಸಿರುನೀಲಿ ಬಣ್ಣ ಮೊದಲು ಮಾಸುತ್ತದೆ. ಕಪ್ಪು ಕೂಡ ಕಪ್ಪಾಗಿ ಉಳಿಯದೆ ಕಂದು ಬೂದಾಗುತ್ತದೆ. ಕಪ್ಪು ಬಿಳುಪಿನ ಮಟ್ಟ ತಿದ್ದುವ ಲೆವೆಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದನ್ನೇ ತೆಗೆದು, ಅಜ್ಜನ ಕಣ್ಣಿನ ಕರಿಗುಡ್ಡೆ ಅಪ್ಪನ ಕರಿಗುಡ್ಡೆಯಷ್ಟೇ ಕಪ್ಪಾಗುವ ಹಾಗೆ ಮಾಡಿದೆ. ಅಷ್ಟರಿಂದಲೇ ಮುಖ ಅರ್ಧ ಹೊಂದಿಕೊಂಡಿತು.

ಮುಖಕ್ಕೆ ನೆರಳು ಕೊಡುವ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಅಜ್ಜನ ಲೇಯರ್ ಮೇಲೆ ನಡು ಬೂದು ತುಂಬಿದ ಒಂದು ಲೇಯರ್ ಇಟ್ಟು, ಅದನ್ನು ಸಾಫ್ಟ್ ಲೈಟ್ ಮೋಡ್‌ಗೆ ಹಾಕಿದೆ. ಹಾಗಿಟ್ಟರೆ ಬೂದು ಕಾಣುವುದಿಲ್ಲ, ಅದರ ಮೇಲೆ ಕಪ್ಪು ಬಳಿದಲ್ಲಿ ಕೆಳಗಿನ ಚಿತ್ರ ಗಾಢವಾಗುತ್ತದೆ, ಬಿಳಿ ಬಳಿದಲ್ಲಿ ತಿಳಿಯಾಗುತ್ತದೆ. ದೊಡ್ಡ ಮೆತ್ತನೆಯ ಬ್ರಷ್, ಒಪಾಸಿಟಿ, ಅಂದರೆ ಬಣ್ಣದ ದಟ್ಟತನ, ಶೇಕಡಾ 5ರಿಂದ 8. ಎಷ್ಟು ಗಾಢ ಅನ್ನುವುದಕ್ಕೆ ಅಪ್ಪನ ಮುಖವೇ ಅಳತೆ. ಸೊನ್ನೆಯಿಂದ ನೂರರ ಲೆಕ್ಕದಲ್ಲಿ ಅವರ ಬೆಳಕಿನ ಕೆನ್ನೆ 64, ನೆರಳಿನ ಕೆನ್ನೆ 44, ಅಂದರೆ ವ್ಯತ್ಯಾಸ 20. ಅಜ್ಜನ ಎರಡೂ ಕೆನ್ನೆ 58ರ ಹತ್ತಿರ ಇದ್ದವು. ಅಜ್ಜನ ಬಣ್ಣ ಬೇರೆ, ಅಪ್ಪನ ಬಣ್ಣ ಬೇರೆ, ಹಾಗಾಗಿ ಅಂಕಿಯನ್ನೇ ನಕಲು ಮಾಡಬಾರದು. ಹೊಂದಬೇಕಾದ್ದು ಆ ವ್ಯತ್ಯಾಸ. ಚಿತ್ರದಲ್ಲಿ ಎಡಕ್ಕೆ ಕಾಣುವ ಕೆನ್ನೆಯನ್ನು ಸ್ವಲ್ಪ ಏರಿಸಿ, ಬಲಕ್ಕೆ ಕಾಣುವ ಕೆನ್ನೆ, ಮೂಗಿನ ಬಲ ಪಕ್ಕ, ಬಲ ಕಣ್ಣಿನ ಗುಳಿ, ದವಡೆಯ ಅಡಿ ಇಳಿಸುತ್ತಾ ಹೋದೆ. ಕಪ್ಪಿನಿಂದ ಮಾತ್ರ ನೆರಳು ಕೊಟ್ಟರೆ ಚರ್ಮ ಬೂದಿ ಬಳಿದಂತಾಗುತ್ತದೆ. ನಿಜವಾದ ನೆರಳಿನಲ್ಲಿ ಚರ್ಮ ಇನ್ನೂ ಕೆಂಪು ಕಂದು. ಅದಕ್ಕೆ ಅಪ್ಪನ ನೆರಳ ಕೆನ್ನೆಯಿಂದ ಬಣ್ಣ ಎತ್ತಿಕೊಂಡು, ಕಲರ್ ಮೋಡ್‌ನ ಇನ್ನೊಂದು ಲೇಯರಿನಲ್ಲಿ ತೆಳ್ಳಗೆ ಬಳಿದೆ.

ಇಷ್ಟಾದರೂ ಅಜ್ಜ ಎಲ್ಲೋ ಬೇರೆ ಕಡೆ ಇದ್ದಾರೆ ಅನ್ನಿಸುತ್ತಿತ್ತು. ಅದಕ್ಕೆ ಕಾರಣ ಕಣ್ಣು. ಎಲ್ಲರ ಕಣ್ಣಿನಲ್ಲೂ ಕಿಟಕಿ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು, ಕರಿಗುಡ್ಡೆಯ ಎಡ ಮೇಲ್ಭಾಗದಲ್ಲಿ. ಅಜ್ಜನ ಕಣ್ಣಿನ ಮೇಲರ್ಧಕ್ಕೆಲ್ಲ ಆಕಾಶ ಹರಡಿತ್ತು. ಆ ಮಂಕು ಹೊಳಪನ್ನು ಪಕ್ಕದ ಕಪ್ಪಿನಿಂದ ಮುಚ್ಚಿ, ಎಡ ಮೇಲೆ ಮೂರು ಪಿಕ್ಸೆಲ್‌ನ ಚುಕ್ಕೆ ಇಟ್ಟೆ, ಪೂರ್ತಿ ಬಿಳಿಯಲ್ಲ, ಅಪ್ಪನ ಕಣ್ಣಿನಲ್ಲಿ ಎಷ್ಟಿತ್ತೋ ಅಷ್ಟೇ. ಅಜ್ಜ ಕೋಣೆಯೊಳಗೆ ಬಂದರು. ನಾನು ಕುರ್ಚಿ ಬಿಟ್ಟು ಎದ್ದುಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಹೌದು, ಇವರೇ" ಅಂದರು. ಆಮೇಲೆ, "ಕೂದಲು ಮಾತ್ರ ಯಾಕೆ ಹೊಳೀತಿದೆ?" ಅಂದರು.

ಅವರು ಹೇಳಿದ್ದು ನಿಜ. ಬಿಳಿ ಆಕಾಶದ ಮುಂದೆ ಬಿಳಿ ಕೂದಲು ಕತ್ತರಿಸಿದರೆ ಅಂಚಿನಲ್ಲಿ ಆಕಾಶವೂ ಅಂಟಿಕೊಂಡು ಬರುತ್ತದೆ. ನಮ್ಮ ಗೋಡೆಯ ಬಣ್ಣ ಗಾಢ, ಹಾಗಾಗಿ ತಲೆಯ ಸುತ್ತ ತೆಳ್ಳನೆಯ ಬೆಳಕಿನ ಗೆರೆ ಕಾಣುತ್ತಿತ್ತು. ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಗೆ ತಂದು, ಬಿಡಿ ಕೂದಲನ್ನು ಸಣ್ಣ ಬ್ರಷ್‌ನಲ್ಲಿ ಒಂದೊಂದಾಗಿ ಎಳೆದೆ. ಅಂಚು ಎಷ್ಟು ಮೆತ್ತಗಿರಬೇಕು ಅನ್ನುವುದಕ್ಕೂ ಪಕ್ಕದಲ್ಲಿರುವ ಅಪ್ಪನ ಕೂದಲಂಚನ್ನೇ ನೋಡಿಕೊಳ್ಳಿ. ಅದಕ್ಕಿಂತ ಚೂಪಾದರೂ ಮಸುಕಾದರೂ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ಕೊನೆಗೆ ಅಜ್ಜನ ಮುಖದ ಗ್ರೇನ್, ಅಂದರೆ ಕಾಳುಕಾಳಾಗಿ ಕಾಣುವ ಒರಟು, ಸ್ವಲ್ಪ ಇಳಿಸಿ, ಇಡೀ ಚಿತ್ರಕ್ಕೆ ಒಂದೇ ಥರದ ತೆಳು ಗ್ರೇನ್ ಸೇರಿಸಿದೆ.

ತಪ್ಪು ಹಿಡಿಯಲು ನನಗೆ ತುಂಬಾ ನೆರವಾದದ್ದು ಎರಡು ಉಪಾಯ. ಎಲ್ಲಕ್ಕೂ ಮೇಲೆ ಬಣ್ಣ ತೆಗೆಯುವ ಒಂದು ಲೇಯರ್ ಇಟ್ಟು ಕಪ್ಪುಬಿಳುಪಿನಲ್ಲಿ ನೋಡುವುದು. ಆಗ ಬೆಳಕು ನೆರಳಿನ ತಪ್ಪು ಮಾತ್ರ ಕಾಣುತ್ತದೆ. ಅದನ್ನು ತೆಗೆದು, ಬಣ್ಣವನ್ನು ವಿಪರೀತ ಏರಿಸುವ ಇನ್ನೊಂದು ಲೇಯರ್ ಇಟ್ಟು ನೋಡುವುದು. ಆಗ ಬಣ್ಣದ ತಪ್ಪು ಕಿರುಚಿಕೊಳ್ಳುತ್ತದೆ. ನನಗೆ ಅಜ್ಜನ ಬಲ ದವಡೆಯಲ್ಲಿ ಹಳೆ ಪ್ರಿಂಟಿನ ನಸುಗೆಂಪು ಇನ್ನೂ ಉಳಿದದ್ದು ಕಂಡದ್ದು ಹಾಗೆಯೇ.

ಪ್ರಿಂಟ್ ಮಾಡಿಸುವಾಗ ಇಡೀ ಫೋಟೋ ಒಮ್ಮೆಗೇ ಮಾಡಿಸಬೇಡಿ. ಅಪ್ಪ, ಅಜ್ಜ ಇಬ್ಬರೂ ಇರುವ ಒಂದು ಪಟ್ಟಿಯನ್ನು ಮಾತ್ರ ಅದೇ ಕಾಗದದಲ್ಲಿ, ಅದೇ ಅಳತೆಯಲ್ಲಿ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ. ಪರದೆಗಿಂತ ಪ್ರಿಂಟ್ ಸಾಮಾನ್ಯವಾಗಿ ಗಾಢವಾಗಿ ಬರುತ್ತದೆ, ನೆರಳಿನ ಕೆನ್ನೆ ಮೊದಲು ಮುಚ್ಚಿಹೋಗುತ್ತದೆ. ನಾನು ಆ ಪಟ್ಟಿ ನೋಡಿದ ಮೇಲೆ ನೆರಳನ್ನು ಸ್ವಲ್ಪ ಎತ್ತಿದೆ.

ಅಜ್ಜನಿಲ್ಲದ ಮೂಲ ಫೋಟೋವನ್ನೂ, ಲೇಯರ್‌ಗಳಿರುವ ಫೈಲನ್ನೂ, ಹಳೆ ಪ್ರಿಂಟಿನ ಸ್ಕ್ಯಾನನ್ನೂ ಒಂದೇ ಕಡೆ ಉಳಿಸಿಟ್ಟಿದ್ದೇನೆ. ಪ್ರಿಂಟಿನ ಹಿಂದೆ ಅಂಚಿನಲ್ಲಿ, ಒತ್ತದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: ಫೋಟೋ ತೆಗೆದಾಗ ಅಜ್ಜ ಇರಲಿಲ್ಲ, ಮುಖ ದೊಡ್ಡತ್ತೆಯ ಆಲ್ಬಂನದು, ಶರ್ಟ್ ಅವರದೇ, ಹಾಕಿಕೊಂಡು ನಿಂತವರು ಚಿಕ್ಕಪ್ಪ. ತಂಗಿಯ ಮಗು ಅಜ್ಜನನ್ನು ನೋಡಿಯೇ ಇಲ್ಲ. ದೊಡ್ಡವಳಾಗಿ ಈ ಫೋಟೋ ನೋಡಿದಾಗ ಅವಳಿಗೆ ನಿಜ ಏನು ಅಂತ ಗೊತ್ತಿರಬೇಕು.